ಮಾತಿನ ಅಳತೆಯಲ್ಲಿ ಮೋಟಾರಿನ ಸದ್ದು: ವಿಂಡೋ ಮತ್ತು ಹಾಪ್ ಆಯ್ಕೆಯ ಚರಿತ್ರೆ

ಸದ್ದುಗಳನ್ನು ವರ್ಗೀಕರಿಸುವ ಪ್ರಯೋಗಗಳಲ್ಲಿ 25 ಮಿಲಿಸೆಕೆಂಡಿನ ವಿಂಡೋ, 10 ಮಿಲಿಸೆಕೆಂಡಿನ ಹಾಪ್ ಎಂಬ ಜೋಡಿ ಮತ್ತೆ ಮತ್ತೆ ಎದುರಾಗುತ್ತದೆ. ಇದು ಮಾತನ್ನು ಗುರುತಿಸುವ ವಿದ್ಯೆಯಿಂದ ಬಂದ ಬಳುವಳಿ. ಎಲ್ಲ ಸದ್ದಿಗೂ ಸಲ್ಲುವ ಅಳತೆಯಲ್ಲ ಎಂಬುದು ನನ್ನ ವಾದ. 1946ರಲ್ಲಿ ಬೆಲ್ ಲ್ಯಾಬ್ಸ್‌ನ ಕೋನಿಗ್, ಡನ್ ಮತ್ತು ಲೇಸಿ ತಮ್ಮ ಸ್ಪೆಕ್ಟ್ರೋಗ್ರಾಫ್ ಯಂತ್ರವನ್ನು ವಿವರಿಸಿದಾಗಲೇ ಈ ಇಕ್ಕಟ್ಟು ಕಣ್ಣಿಗೆ ಕಂಡಿತ್ತು. 300 ಹರ್ಟ್ಜ್ ಅಗಲದ ಫಿಲ್ಟರ್ ಗಂಟಲಿನ ಒಂದೊಂದು ಮಿಡಿತವನ್ನೂ ನಿಂತ ಗೆರೆಯಾಗಿ ತೋರಿಸಿತು. 45 ಹರ್ಟ್ಜ್‌ನದು ಮಿಡಿತಗಳನ್ನು ಕಲಸಿ, ಸ್ವರದ ಹಾರ್ಮೋನಿಕ್‌ಗಳನ್ನು ಅಡ್ಡಗೆರೆಗಳಾಗಿ ಬಿಡಿಸಿತು. ಇಂದು ಆ ಫಿಲ್ಟರಿನ ಜಾಗದಲ್ಲಿ ವಿಂಡೋದ ಉದ್ದ ಕೂತಿದೆ. ಬಾಯಿಯ ಆಕಾರ 25 ಮಿಲಿಸೆಕೆಂಡಿನಲ್ಲಿ ಹೆಚ್ಚು ಬದಲಾಗದ ಕಾರಣ ಮಾತಿಗೆ ಅದು ಹೊಂದಿತು. 2017ರ VGGish ಮಾದರಿ ಅದೇ ಅಳತೆಯನ್ನು, 64 ಮೆಲ್ ಪಟ್ಟಿಗಳೊಂದಿಗೆ, ಯೂಟ್ಯೂಬಿನ ಬಗೆಬಗೆಯ ಸದ್ದುಗಳಿಗೂ ಹಚ್ಚಿತು.

ಒಂದು ಲೆಕ್ಕ ಹಾಕಿ ನೋಡೋಣ. ಟ್ರಾನ್ಸ್‌ಫಾರ್ಮರಿನ 100 ಹರ್ಟ್ಜ್ ಗುಂಯ್‌ಗುಡುವಿಕೆಯ ಪಕ್ಕದಲ್ಲೇ ಒಂದು ಮೋಟಾರು 120 ಹರ್ಟ್ಜ್‌ನಲ್ಲಿ ಸದ್ದು ಮಾಡುತ್ತಿದೆ ಎನ್ನಿ. ಸೆಕೆಂಡಿಗೆ 16,000 ಸ್ಯಾಂಪಲ್ ಇದ್ದರೆ 25 ಮಿಲಿಸೆಕೆಂಡ್ ಎಂದರೆ 400 ಸ್ಯಾಂಪಲ್. ಅಷ್ಟುದ್ದದ ಹಾನ್ ವಿಂಡೋದಲ್ಲಿ ಒಂದೊಂದು ಶುದ್ಧ ನಾದವೂ ಸುಮಾರು 160 ಹರ್ಟ್ಜ್ ಅಗಲಕ್ಕೆ ಹರಡುತ್ತದೆ. ಎರಡೂ ಸೇರಿ ಒಂದೇ ದಿಬ್ಬವಾಗುತ್ತವೆ. 2048 ಸ್ಯಾಂಪಲಿನ, ಅಂದರೆ 128 ಮಿಲಿಸೆಕೆಂಡಿನ ವಿಂಡೋದಲ್ಲಿ ಆ ಹರವು 31 ಹರ್ಟ್ಜ್‌ಗೆ ಇಳಿದು ಎರಡು ಶಿಖರಗಳು ಬೇರೆಯಾಗುತ್ತವೆ. ಆದರೆ ಅಷ್ಟಕ್ಕೇ ಕೆಲಸ ಮುಗಿಯದು. 0ಯಿಂದ 8000 ಹರ್ಟ್ಜ್‌ವರೆಗೆ 64 ಮೆಲ್ ಪಟ್ಟಿ ಹಾಸಿದರೆ ಈ ಭಾಗದಲ್ಲಿ ಪಟ್ಟಿಗಳ ನಡುವಿನ ಅಂತರ 30 ಹರ್ಟ್ಜ್ ದಾಟುತ್ತದೆ. ಬಿಡಿಸಿದ್ದನ್ನು ಮೆಲ್ ಮತ್ತೆ ಬೆರೆಸುತ್ತದೆ. ಆಗ 128 ಪಟ್ಟಿ ಬೇಕು. ಅಷ್ಟೇ ಪಟ್ಟಿಗಳನ್ನು 400 ಸ್ಯಾಂಪಲಿನ ವಿಂಡೋದ 512 ಬಿಂದುವಿನ ಎಫ್‌ಎಫ್‌ಟಿಯ ಮೇಲೆ ಹಾಸಿದರೆ ಮೊದಲ ಪಟ್ಟಿಗೆ ಒಂದು ಬಿಂದುವೂ ದಕ್ಕದೆ ಅದು ಖಾಲಿ ಉಳಿಯುತ್ತದೆ. ಚಿತ್ರದ ತಳದಲ್ಲಿ ಬದಲಾಗದ ಕಪ್ಪು ಗೆರೆ ಕಂಡರೆ ಇದೇ ಕಾರಣವಿರಬಹುದು. ಸೊನ್ನೆ ತುಂಬಿ ಎಫ್‌ಎಫ್‌ಟಿ ಉದ್ದ ಮಾಡಿದರೆ ಗೆರೆ ಹೋಗುತ್ತದೆ, ನಾದಗಳು ಮಾತ್ರ ಬೇರೆಯಾಗುವುದಿಲ್ಲ.

ಆಳವಾದ ಜಾಲ ಕಲಿತುಕೊಳ್ಳುತ್ತದೆ, ಇಷ್ಟು ಲೆಕ್ಕವೇಕೆ ಎಂಬ ಆಕ್ಷೇಪವಿದೆ. ಅದರಲ್ಲಿ ನಿಜಾಂಶವೂ ಇದೆ. ಬೆರೆತ ಎರಡು ನಾದಗಳಿಂದ ಪಟ್ಟಿಯ ಶಕ್ತಿ ಸೆಕೆಂಡಿಗೆ 20 ಬಾರಿ ಏರಿಳಿಯುತ್ತದೆ. 10 ಮಿಲಿಸೆಕೆಂಡಿನ ಹಾಪ್ ಸೆಕೆಂಡಿಗೆ 100 ಫ್ರೇಮ್ ಕೊಡುವುದರಿಂದ ಜಾಲ ಅದನ್ನು ಓದಬಲ್ಲದು. ಆದರೆ ಆ ಏರಿಳಿತ ಹೇಳುವುದು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ. ಗಣನೆ ಉಳಿಸಲು ಹಾಪನ್ನು 40 ಮಿಲಿಸೆಕೆಂಡಿಗೆ ಏರಿಸಿದರೆ 25 ಫ್ರೇಮ್ ಉಳಿದು, ಅದೇ ಏರಿಳಿತ ಸೆಕೆಂಡಿಗೆ 5 ಬಾರಿಯದೆಂದು ತಪ್ಪಾಗಿ ಕಾಣುತ್ತದೆ. ಎಷ್ಟು ತರಬೇತಿ ಕೊಟ್ಟರೂ ಇದು ಸರಿಹೋಗದು, ಏಕೆಂದರೆ ನಿಜವಾದ 5ಕ್ಕೂ ಇದಕ್ಕೂ ಫ್ರೇಮುಗಳಲ್ಲಿ ಭೇದವೇ ಇಲ್ಲ.

ಹಾಗಾಗಿ ಈ ಮೋಟಾರಿಗೆ 2048 ಸ್ಯಾಂಪಲಿನ ವಿಂಡೋ, 512ರ ಹಾಪ್, 128 ಪಟ್ಟಿ ಸರಿ. ಅದೇ ಮೋಟಾರಿನ ಬೇರಿಂಗ್ ಒಡೆದು ಟಕಟಕ ಎನ್ನತೊಡಗಿದರೆ ಅದೇ ವಿಂಡೋ ಪ್ರತಿ ಪೆಟ್ಟನ್ನೂ 128 ಮಿಲಿಸೆಕೆಂಡಿನುದ್ದಕ್ಕೆ ಸವರಿಬಿಡುತ್ತದೆ. ಅಲ್ಲಿಗೆ 400 ಸ್ಯಾಂಪಲಿನ ಹಳೆಯ ವಿಂಡೋವೇ ಮೇಲು.