ಮೀಟರ್, ಚೀಟಿ, ಮೊಬೈಲ್: ಆಟೊ ಬಾಡಿಗೆ ಬದಲಾದ ಕಥೆ

ನಾಗಮಂಗಲ, ಕೆ.ಆರ್. ಪೇಟೆ ಕಡೆಯ ನಮಗೆ ಆಟೊ ಮೀಟರ್ ಅಷ್ಟಾಗಿ ಪರಿಚಯವಿಲ್ಲ. ನಮ್ಮೂರುಗಳಲ್ಲಿ ಆಟೊ ಅಂದರೆ ಒಂದೋ ತಲೆಗಿಷ್ಟು ಎಂದು ಕೊಡುವ ಶೇರ್ ಆಟೊ, ಇಲ್ಲವೇ ಮಾತಾಡಿಕೊಂಡು ಹತ್ತುವ ಬಾಡಿಗೆ ಆಟೊ. ಪಾಂಡವಪುರ, ಶ್ರೀರಂಗಪಟ್ಟಣದ ರೈಲ್ವೆ ಸ್ಟೇಷನ್ ಮುಂದೆಯೂ ಲೆಕ್ಕ ಹೀಗೇ. ಚಾಲಕ ಪರಿಚಯದವರಾಗಿರುತ್ತಾರೆ, ದಾರಿ ಎಷ್ಟು ದೂರ ಎಂದು ಇಬ್ಬರಿಗೂ ಗೊತ್ತಿರುತ್ತದೆ. ಹಾಗಾಗಿ ಮಾತಿನಲ್ಲೇ ವ್ಯವಹಾರ ಮುಗಿಯುತ್ತದೆ.

ತೊಂದರೆ ಶುರುವಾಗುವುದು ಬೆಂಗಳೂರಿನಲ್ಲಿ ಇಳಿದಾಗ. ಅಲ್ಲಿ ದಾರಿ ಚಾಲಕನಿಗೆ ಗೊತ್ತು, ನಮಗೆ ಗೊತ್ತಿಲ್ಲ. ಮೀಟರ್, ಪ್ರಿಪೇಯ್ಡ್ ಚೀಟಿ, ಆ್ಯಪ್ ಈ ಮೂರೂ ಬಂದದ್ದು ಈ ಒಂದು ತೊಂದರೆಯ ಸುತ್ತಲೇ. ಮೂರರಲ್ಲೂ ಕೇಳಬೇಕಾದ ಪ್ರಶ್ನೆ ಎರಡು: ದರ ನಿಗದಿ ಮಾಡಿದವರು ಯಾರು? ಒಟ್ಟು ಎಷ್ಟಾಗುತ್ತದೆ ಎಂದು ನಮಗೆ ತಿಳಿಯುವುದು ಯಾವಾಗ?

ಮೊದಲು ಮೀಟರ್

ಮೋಟಾರು ವಾಹನ ಕಾಯ್ದೆಯ 67ನೇ ಕಲಂ ಬಾಡಿಗೆ ದರ ನಿಗದಿ ಮಾಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಆಟೊ ದರವನ್ನು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಸಾರಿಗೆ ಪ್ರಾಧಿಕಾರ ಆಯಾ ಜಿಲ್ಲೆಗೆ ಗೊತ್ತು ಮಾಡುತ್ತದೆ. ಬೆಂಗಳೂರಿನ ದರ ಮಂಡ್ಯ, ಮೈಸೂರಿಗೆ ತಾನಾಗಿ ಅನ್ವಯವಾಗುವುದಿಲ್ಲ.

ಬೆಂಗಳೂರಿನಲ್ಲಿ 2013ರ ದರ ಮೊದಲ 1.9 ಕಿಲೋಮೀಟರಿಗೆ 25 ರೂಪಾಯಿ, ಆಮೇಲೆ ಕಿಲೋಮೀಟರಿಗೆ 13. 2021ರ ಡಿಸೆಂಬರಿನಲ್ಲಿ ಅದು ಮೊದಲ 2 ಕಿಲೋಮೀಟರಿಗೆ 30, ಆಮೇಲೆ 15 ಆಯಿತು. 2025ರ ಆಗಸ್ಟ್ 1ರಿಂದ 36 ಮತ್ತು 18. ರಾತ್ರಿ 10ರಿಂದ ಬೆಳಗಿನ 5ರವರೆಗೆ ಒಂದೂವರೆ ಪಟ್ಟು.

ನಮ್ಮ ಕಡೆಯಿಂದ ನಿಮ್ಹಾನ್ಸ್ ಆಸ್ಪತ್ರೆಗೆ ಹೋಗುವವರು ಬಹಳ. ಬೆಂಗಳೂರು ರೈಲು ನಿಲ್ದಾಣದಿಂದ ಅಲ್ಲಿಗೆ 8 ಕಿಲೋಮೀಟರ್ ಎಂದು ಲೆಕ್ಕಕ್ಕೆ ಹಿಡಿಯೋಣ. ಮೊದಲ 2 ಕಿಲೋಮೀಟರಿಗೆ 36, ಉಳಿದ 6ಕ್ಕೆ 18ರಂತೆ 108, ಒಟ್ಟು 144 ರೂಪಾಯಿ. 2021ರ ದರದಲ್ಲಿ ಇದೇ ದಾರಿಗೆ 120 ಆಗುತ್ತಿತ್ತು, 2013ರ ದರದಲ್ಲಿ 104. ರಾತ್ರಿ 10 ದಾಟಿದ ಮೇಲೆ ಹತ್ತಿದರೆ ಈಗ 216. ರೈಲು ಸ್ವಲ್ಪ ತಡವಾಯಿತೆಂದರೆ 72 ರೂಪಾಯಿ ಹೆಚ್ಚು, ಆದರೆ ಅದು ಮೋಸವಲ್ಲ, ಕಾನೂನಿನ ದರ.

ಮೀಟರಿನಲ್ಲಿ ದರ ಸರ್ಕಾರದ್ದು, ಒಟ್ಟು ಮೊತ್ತ ತಿಳಿಯುವುದು ಮಾತ್ರ ಇಳಿಯುವಾಗ. ಸುತ್ತಿ ಹೋದರೆ ಸುತ್ತಿದ್ದಕ್ಕೂ ಕೊಡಬೇಕು. ಮೀಟರ್ ಜೋರಾಗಿ ಓಡುತ್ತಿದೆಯೇ ಎಂದು ತಿಳಿಯಲು ಫೋನಿನ ಮ್ಯಾಪ್ ಹಾಕಿಕೊಂಡು ಕೂತರೆ ಸಾಕು. 2 ಕಿಲೋಮೀಟರ್ ಆಗುವವರೆಗೆ ಹಗಲಿನಲ್ಲಿ 36 ಅಲುಗಬಾರದು. ಕಾನೂನು ಮಾಪನಶಾಸ್ತ್ರ ಇಲಾಖೆಯವರು ಪರೀಕ್ಷೆ ಮಾಡಿ ಮೀಟರಿಗೆ ಮುದ್ರೆ ಹಾಕಿರುತ್ತಾರೆ. ಮುದ್ರೆ ಕಿತ್ತ ಮೀಟರನ್ನು ನಂಬುವಂತಿಲ್ಲ.

ಆಮೇಲೆ ಚೀಟಿ

ಸ್ಟೇಷನ್ನಿನಲ್ಲಿ ಇಳಿದವರು ಹೊಸಬರು, ಕೈಯಲ್ಲಿ ಚೀಲ, ಜೊತೆಯಲ್ಲಿ ಮಕ್ಕಳು ಅಥವಾ ರೋಗಿ. ಚೌಕಾಸಿ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲ. ಇಂಥವರಿಗಾಗಿಯೇ ಸಂಚಾರ ಪೊಲೀಸರ ಪ್ರಿಪೇಯ್ಡ್ ಕೌಂಟರ್‌ಗಳು ಬಂದವು. ದರ ಸರ್ಕಾರದ್ದೇ, ಆದರೆ ಹೋಗುವ ಜಾಗ ಹೇಳಿದ ಕೂಡಲೇ ದೂರ ನೋಡಿ ಮೊತ್ತವನ್ನು ಮೊದಲೇ ಬರೆದುಕೊಡುತ್ತಾರೆ. ಹಾಗಾಗಿ ಸುತ್ತಿ ಹೋದರೆ ನಷ್ಟ ಚಾಲಕನದ್ದೇ. ಚೀಟಿಯಲ್ಲಿ ಆಟೊ ನಂಬರ್ ಇರುವುದರಿಂದ ಸಾಮಾನು ಮರೆತರೂ ಹುಡುಕಲು ದಾರಿಯಿದೆ.

ಚೀಟಿಯ ದುಡ್ಡು ಕೆಲವು ಕಡೆ ಕೌಂಟರಿನಲ್ಲಿ ಕಟ್ಟುತ್ತಾರೆ, ಕೆಲವು ಕಡೆ ಇಳಿದ ಮೇಲೆ ಚಾಲಕನಿಗೆ ಕೊಡುತ್ತಾರೆ. ಎರಡರಲ್ಲಿ ಯಾವುದು ಎಂದು ಮೊದಲೇ ಕೇಳಿಕೊಳ್ಳಿ. ಊರು ತಲುಪುವ ಮುಂಚೆ ಚೀಟಿ ಬಿಟ್ಟುಕೊಡಬೇಡಿ, ನಿಮ್ಮ ಕೈಯಲ್ಲಿರುವ ಸಾಕ್ಷಿ ಅದೊಂದೇ. ಈ ಪದ್ಧತಿಯ ಕೊರತೆಯೆಂದರೆ ಕೌಂಟರ್ ತೆರೆದಿರಬೇಕು, ಸಾಲಿನಲ್ಲಿ ಆಟೊ ಇರಬೇಕು. ಹತ್ತಿರದ ಬಾಡಿಗೆಗೆ ಸಾಲಿನಲ್ಲಿ ಕಾಯಲು ಚಾಲಕರಿಗೂ ಮನಸ್ಸಿರುವುದಿಲ್ಲ.

ಈಗ ಮೊಬೈಲ್

ಆ್ಯಪ್ ಬಂದಾಗ ಜನರಿಗೆ ಹಿಡಿಸಿದ್ದೂ ಚೀಟಿಯ ಗುಣವೇ: ಹತ್ತುವ ಮೊದಲೇ ಮೊತ್ತ ಗೊತ್ತಾಗುತ್ತದೆ. ಬದಲಾದದ್ದು ಇನ್ನೊಂದು. ದರ ಗೊತ್ತು ಮಾಡುವವರು ಜಿಲ್ಲಾಧಿಕಾರಿ ಅಲ್ಲ, ಕಂಪನಿ ಎಂದಾಯಿತು.

ಇದು ಜಗಳಕ್ಕೆ ಬಂದದ್ದು 2022ರ ಅಕ್ಟೋಬರಿನಲ್ಲಿ. ಕನಿಷ್ಠ ದರ 30 ರೂಪಾಯಿ ಇದ್ದಾಗ ಆ್ಯಪ್‌ಗಳು 2 ಕಿಲೋಮೀಟರ್ ಒಳಗಿನ ದಾರಿಗೂ 100 ರೂಪಾಯಿ ಕೇಳುತ್ತಿವೆ ಎಂದು ದೂರುಗಳು ಬಂದವು. ಸಾರಿಗೆ ಇಲಾಖೆ ಓಲಾ, ಉಬರ್, ರ‍್ಯಾಪಿಡೊ ಆಟೊ ಸೇವೆ ನಿಲ್ಲಿಸುವಂತೆ ಹೇಳಿತು. ಕಂಪನಿಗಳು ಹೈಕೋರ್ಟಿಗೆ ಹೋದವು. ಕೊನೆಗೆ ನವೆಂಬರಿನಲ್ಲಿ ಸರ್ಕಾರ ಆದೇಶ ಹೊರಡಿಸಿತು: ಸರ್ಕಾರಿ ದರದ ಮೇಲೆ ಶೇ 5 ಸೇವಾ ಶುಲ್ಕ, ಅದರ ಮೇಲೆ ಜಿಎಸ್‌ಟಿ, ಅಷ್ಟೇ. 2024ರ ಮೇ ತಿಂಗಳಲ್ಲಿ ಹೈಕೋರ್ಟ್ ಆ ಶೇ 5ನ್ನು ಎತ್ತಿಹಿಡಿಯಿತು.

ನಿಮ್ಹಾನ್ಸ್ ಲೆಕ್ಕಕ್ಕೆ ಬನ್ನಿ. 144ರ ಮೇಲೆ ಶೇ 5 ಅಂದರೆ ಸುಮಾರು 7 ರೂಪಾಯಿ. ಒಟ್ಟಿಗೆ ಶೇ 5 ಜಿಎಸ್‌ಟಿ ಸೇರಿಸಿದರೆ 159ರ ಆಸುಪಾಸು. 2022ರ ಜನವರಿಯಿಂದ ಆ್ಯಪ್‌ನಲ್ಲಿ ಕರೆದ ಆಟೊಗೆ ಜಿಎಸ್‌ಟಿ ಇದೆ, ರಸ್ತೆಯಲ್ಲಿ ಕೈ ತೋರಿಸಿ ಹತ್ತಿದ ಆಟೊಗೆ ಇಲ್ಲ. ಹಗಲಿನಲ್ಲಿ ಆ್ಯಪ್ 220 ತೋರಿಸಿದರೆ, ಈ ಲೆಕ್ಕಕ್ಕಿಂತ 60 ರೂಪಾಯಿ ಹೆಚ್ಚು.

ಅಷ್ಟರಲ್ಲಿ ಆಟವೇ ಬದಲಾಗಿದೆ. ಬೆಂಗಳೂರಿನ ಚಾಲಕರ ಸಂಘ 2022ರ ನವೆಂಬರಿನಲ್ಲಿ ನಮ್ಮ ಯಾತ್ರಿ ಆ್ಯಪ್ ತಂದಿತು, ಬಾಡಿಗೆಯಲ್ಲಿ ಕಮಿಷನ್ ಹಿಡಿಯುವುದಿಲ್ಲ. 2025ರ ಫೆಬ್ರುವರಿಯಲ್ಲಿ ಉಬರ್ ಕೂಡ ಆಟೊಗಳಿಗೆ ಕಮಿಷನ್ ಬಿಟ್ಟು, ಚಾಲಕರಿಂದ ಶುಲ್ಕ ಪಡೆಯುವ ಪದ್ಧತಿಗೆ ಬಂತು. ಚಾಲಕನಿಗೆ ಇದು ಲಾಭವೇ. ಪ್ರಯಾಣಿಕನಿಗೆ ಮಾತ್ರ ಪರದೆಯ ಮೇಲಿನ ಮೊತ್ತ ಈಗ ಅಂದಾಜು ಅಷ್ಟೇ, ಕೊನೆಯ ಮಾತು ಚಾಲಕನ ಜೊತೆ. ಆಟೊ ಬೇಗ ಸಿಗಲಿ ಎಂದು ಮೊದಲೇ ಟಿಪ್ ಸೇರಿಸುವ ಗುಂಡಿಯೂ ಬಂದಿದೆ. ಮೊತ್ತ ಮೊದಲೇ ಗೊತ್ತಾಗಬೇಕು ಎಂದು ಹೊರಟ ದಾರಿ ತಿರುಗಿ ಚೌಕಾಸಿಗೇ ಬಂದು ನಿಂತಿದೆ.

ವಿಮಾನ ನಿಲ್ದಾಣದ ಟ್ಯಾಕ್ಸಿ

ದುಬೈಗೋ ಕುವೈತಿಗೋ ಹೋದ ಮನೆಯವರನ್ನು ಕರೆತರಲು ದೇವನಹಳ್ಳಿಗೆ ಹೋಗುವವರಿಗೆ ಲೆಕ್ಕ ಬೇರೆ. 2024ರ ಫೆಬ್ರುವರಿಯಲ್ಲಿ ಸರ್ಕಾರ ಆ್ಯಪ್ ಟ್ಯಾಕ್ಸಿಗೂ ಉಳಿದ ಸಿಟಿ ಟ್ಯಾಕ್ಸಿಗೂ ಒಂದೇ ದರ ಮಾಡಿತು. 10 ಲಕ್ಷ ರೂಪಾಯಿವರೆಗಿನ ಕಾರಿಗೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ಆಮೇಲೆ ಕಿಲೋಮೀಟರಿಗೆ 24. ರಾತ್ರಿ 12ರಿಂದ ಬೆಳಗಿನ 6ರವರೆಗೆ ಶೇ 10 ಹೆಚ್ಚು. ಜನ ಹೆಚ್ಚಿದ್ದಾರೆ ಎಂದು ದರ ಏರಿಸುವಂತಿಲ್ಲ.

ನಿಲ್ದಾಣದಿಂದ ಮೆಜೆಸ್ಟಿಕ್‌ಗೆ 35 ಕಿಲೋಮೀಟರ್ ಹಿಡಿದರೆ, 100ಕ್ಕೆ 31ರ 24 ಪಟ್ಟು, ಅಂದರೆ 744 ಸೇರಿ 844 ರೂಪಾಯಿ. ಜಿಎಸ್‌ಟಿ ಸೇರಿ 886. ಟೋಲ್ ಬೇರೆ. ದೊಡ್ಡ ಕಾರಾದರೆ ಕಿಲೋಮೀಟರಿಗೆ 28 ಅಥವಾ 32, ಆದ್ದರಿಂದ ಪರದೆಯಲ್ಲಿ ಮೊತ್ತ ನೋಡುವ ಮುಂಚೆ ಯಾವ ಕಾರು ಎಂದು ನೋಡಿ.

ಕೌಂಟರೋ ಆ್ಯಪೋ ಎಂದು ತೀರ್ಮಾನಿಸುವ ಮೊದಲು ಕಿಲೋಮೀಟರ್ ನೋಡಿಕೊಳ್ಳಿ. ಬೆಂಗಳೂರು ಆಟೊಗೆ 2 ಕಿಲೋಮೀಟರ್ ಕಳೆದು, ಉಳಿದದ್ದನ್ನು 18ರಿಂದ ಗುಣಿಸಿ, 36 ಕೂಡಿಸಿ. ಆ್ಯಪ್ ಅದಕ್ಕಿಂತ ಹತ್ತರಲ್ಲೊಂದು ಪಾಲು ಹೆಚ್ಚು ಕೇಳಿದರೆ ಅದು ಆದೇಶದ ಒಳಗಿದೆ. ಅದನ್ನು ದಾಟಿದ್ದರೆ ಪರದೆಯ ಫೋಟೊ ತೆಗೆದಿಟ್ಟುಕೊಳ್ಳಿ, ಆಟೊ ನಂಬರ್ ಜೊತೆ ಆರ್‌ಟಿಒ ಕಚೇರಿಗೆ ದೂರು ಕೊಡಲು ಅದು ಬೇಕಾಗುತ್ತದೆ.