ರುಜುವಾತು

ರುಜುವಾತು ಅರಬ್ಬಿ ಮೂಲದ ಮಾತು. ಮರಾಠಿ ದಫ್ತರಗಳಲ್ಲಿ ಲೆಕ್ಕಕ್ಕೆ ಲೆಕ್ಕ ತಾಳೆ ನೋಡುವುದನ್ನು ಹೀಗೆನ್ನುತ್ತಿದ್ದರು. ನಮ್ಮಲ್ಲಿ ‘ರುಜು’ ಸಹಿಯಾಯಿತು, ‘ರುಜುವಾತು’ ನ್ಯಾಯಾಲಯ ಸೇರಿತು.

ಬೆಳಕವಾಡಿಯ ರೈತರೊಬ್ಬರ ಚೆಕ್ ಬೌನ್ಸ್ ಆಗಿ, ಮಳವಳ್ಳಿ ಕೋರ್ಟಿನಲ್ಲಿ ಮೊಕದ್ದಮೆ ನಡೆದಿದೆ ಎಂದುಕೊಳ್ಳಿ. ಸಹಿ ತಮ್ಮದೇ ಎಂದು ಅವರು ಒಪ್ಪಿದ್ದಾರೆ. ಈಗ ರುಜುವಾತಿನ ಹೊಣೆ ಯಾರದು?

‘ಸಾಲ ಕೊಟ್ಟದ್ದನ್ನು ದೂರುದಾರನೇ ಮೊದಲು ತೋರಿಸಲಿ’ ಎಂಬ ಉತ್ತರ ನಿಲ್ಲದು. ಸಹಿ ಒಪ್ಪಿದ ಕೂಡಲೇ, ಚೆಕ್ ಸಾಲ ತೀರಿಸಲೆಂದೇ ಕೊಟ್ಟದ್ದು ಎಂದು ಕಾನೂನು ಭಾವಿಸುತ್ತದೆ. ಕರ್ನಾಟಕದಿಂದಲೇ ಹೋದ ರಂಗಪ್ಪ ವಿರುದ್ಧ ಶ್ರೀ ಮೋಹನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಇದನ್ನು ಖಚಿತಪಡಿಸಿತು. ‘ಆರೋಪಿ ಸಂಶಯಕ್ಕೆಡೆಯಿಲ್ಲದಂತೆ ಅಲ್ಲಗಳೆಯಬೇಕು’ ಎಂಬುದೂ ತಪ್ಪು. ಅವರ ಮಾತೇ ಹೆಚ್ಚು ಸಂಭವನೀಯ ಎನಿಸಿದರೆ ಸಾಕು. ‘ಅವರು ಸಾಕ್ಷಿಕಟ್ಟೆ ಹತ್ತಲೇಬೇಕು’ ಎಂಬುದೂ ಸಲ್ಲದು, ಏಕೆಂದರೆ ದೂರುದಾರನ ಪಾಟೀ ಸವಾಲಿನಲ್ಲೇ ಬೇಕಾದದ್ದು ಹೊರಬರಬಹುದು.

ಆದರೆ ಎಷ್ಟೋ ಜನ ಎಡವುವುದು ಮುಂದೆ. ‘ಹಣ ಮುಟ್ಟಿತು’ ಎಂಬ ದೂರುದಾರನ ವಾಟ್ಸಾಪ್ ಸಂದೇಶದ ಪ್ರಿಂಟ್ ತಂದರೆ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಜೊತೆಗೆ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ಫೋನಿನ ಹೊಣೆ ಹೊತ್ತವರು, ಇನ್ನೊಂದಕ್ಕೆ ತಜ್ಞರು ಸಹಿ ಮಾಡಬೇಕು; ಕಡತದ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಅದಿಲ್ಲದೆ, ಮರುಪಾವತಿ ನಿಜವಾಗಿದ್ದರೂ ಆ ಪ್ರಿಂಟ್ ಸಾಕ್ಷ್ಯವಾಗದು.