ವೃತ್ತಿ ಸರಣಿ ಬರಹ: ಗುಬ್ಬಿ–ಕುಣಿಗಲ್ ತೆಂಗಿನ ತೋಟಗಳಲ್ಲಿ ಒಂದು ವರ್ಷ

ಒಂದು ಕಸುಬನ್ನು ಬಲ್ಲವರು ಅದರ ಒಂದೇ ವಿಷಯವನ್ನು ಹಿಡಿದು, ನಿಗದಿತ ಅಂತರದಲ್ಲಿ ಕಂತುಕಂತಾಗಿ ಬರೆದು ಪ್ರಕಟಿಸುವುದನ್ನು ವೃತ್ತಿ ಸರಣಿ ಬರಹ ಎನ್ನಬಹುದು. ತಮ್ಮ ಕ್ಷೇತ್ರದಲ್ಲಿ ನಂಬಬಹುದಾದವರು ಎಂಬ ಹೆಸರು ಗಳಿಸುವುದು ಅದರ ಗುರಿ. ಅವಧಿ ಸಾಮಾನ್ಯವಾಗಿ ಒಂದು ವರ್ಷ. ವೈದ್ಯರು, ವಕೀಲರು, ಲೆಕ್ಕಪರಿಶೋಧಕರು, ಎಂಜಿನಿಯರುಗಳು ಹೀಗೆ ಬರೆಯುವುದುಂಟು. ತುಮಕೂರು ನಗರದಿಂದ ಗುಬ್ಬಿ, ಕುಣಿಗಲ್ ಕಡೆಗೆ ಹೋದರೆ ಇಂಥ ಬರಹಕ್ಕೆ ಅತ್ಯಂತ ಸಹಜವಾದ ನೆಲ ತೆಂಗಿನ ತೋಟ. ತೆಂಗು ಬೆಳೆಗಾರನಿಗೆ ಇಲ್ಲಿ ಗೊಬ್ಬರದ ಅಂಗಡಿಯವರು, ಔಷಧಿ ಕಂಪನಿಯ ಪ್ರತಿನಿಧಿಗಳು, ನರ್ಸರಿಯವರು, ಪಕ್ಕದ ತೋಟದವರು ಎಲ್ಲರೂ ಸಲಹೆ ಕೊಡುತ್ತಾರೆ. ಹೋದ ವರ್ಷ ಯಾರು ಏನು ಹೇಳಿದ್ದರು, ಅದು ಎಷ್ಟರ ಮಟ್ಟಿಗೆ ನಿಜವಾಯಿತು ಎಂಬುದರ ಬರವಣಿಗೆ ಮಾತ್ರ ಯಾರಲ್ಲೂ ಇರುವುದಿಲ್ಲ. ಸರಣಿ ಬರೆಯುವ ತೆಂಗು ಸಲಹೆಗಾರ ತುಂಬಬೇಕಾದದ್ದು ಈ ಕೊರತೆಯನ್ನು. ಓದುಗ ತನ್ನ ತೋಟದಲ್ಲೇ ಪರೀಕ್ಷಿಸಿ ನೋಡಬಹುದಾದ, ದಿನಾಂಕವಿರುವ, ಎಣಿಕೆಯಿರುವ ಮಾತೇ ಹೆಸರನ್ನು ಕಟ್ಟುತ್ತದೆ ಎಂಬುದು ಈ ಲೇಖನದ ವಾದ. ಎಷ್ಟು ಬರೆದೆ, ಎಷ್ಟು ಚೆನ್ನಾಗಿ ಬರೆದೆ ಎಂಬುದು ಆಮೇಲಿನ ಮಾತು.

ಈ ವಾದಕ್ಕೆ ಕನ್ನಡದಲ್ಲೇ ಒಂದು ದೊಡ್ಡ ಆಧಾರವಿದೆ. ಪುತ್ತೂರಿನಿಂದ 1988ರಿಂದ ಹೊರಬರುತ್ತಿರುವ ಮಾಸಿಕ ‘ಅಡಿಕೆ ಪತ್ರಿಕೆ’ ಕೃಷಿಕರೇ ಕೃಷಿಕರಿಗಾಗಿ ಬರೆಯುವ ಪತ್ರಿಕೆಯಾಗಿ ಬೆಳೆಯಿತು. ಅದನ್ನು ರೂಪಿಸಿದವರಲ್ಲಿ ಮುಖ್ಯರಾದ ಕಾಸರಗೋಡಿನ ಗಡಿ ಸೀಮೆಯ ಶ್ರೀಪಡ್ರೆ ನೆಲ–ಜಲದ ಬಗ್ಗೆ, ಆಮೇಲೆ ಹಲಸಿನ ಬಗ್ಗೆ ಬಿಡದೆ ಬರೆದರು. ಬೆಳೆಗಾರರಿಗೆ ಬರೆಯುವುದನ್ನು ಕಲಿಸುವ ‘ಕೃಷಿಕರ ಕೈಗೆ ಲೇಖನಿ’ ಎಂಬ ಶಿಬಿರಗಳೂ ಅದೇ ಬಳಗದಿಂದ ಬಂದವು. ಇಲ್ಲಿಂದ ಕಲಿಯಬೇಕಾದ ಸಂಗತಿ ಸರಳವಾಗಿದೆ. ಬರೆದವನಿಗೆ ಊರಿದೆ, ತೋಟವಿದೆ, ಅನುಮಾನ ಬಂದವರು ಹೋಗಿ ನೋಡಬಹುದು. ಹಲಸಿನಂಥ ಒಂದೇ ವಿಷಯಕ್ಕೆ ಮತ್ತೆ ಮತ್ತೆ ಮರಳಿದ್ದರಿಂದ ಅದರ ಬಗ್ಗೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗೆ ಓದುಗರಲ್ಲಿ ತಾನಾಗಿ ಉತ್ತರ ಹುಟ್ಟಿತು. ಹತ್ತು ವಿಷಯಗಳ ಮೇಲೆ ಒಂದೊಂದು ಲೇಖನ ಬರೆದಿದ್ದರೆ ಆ ಉತ್ತರ ಹುಟ್ಟುತ್ತಿರಲಿಲ್ಲ.

ತೆಂಗಿನ ವಿಷಯದಲ್ಲಿ ಒಂದು ವರ್ಷದ ಅವಧಿಯನ್ನು ಮರವೇ ನಿಗದಿ ಮಾಡಿಕೊಟ್ಟಿದೆ. ನೀರು–ಗೊಬ್ಬರ ಕಂಡ ಮರ ಸರಿಸುಮಾರು ತಿಂಗಳಿಗೊಂದು ಹೊಂಬಾಳೆ ಬಿಡುತ್ತದೆ. ಒಡೆದ ಹೊಂಬಾಳೆಯ ಹರಳು ಬಲಿತ ಕಾಯಾಗಲು ಹೆಚ್ಚುಕಡಿಮೆ ಹನ್ನೆರಡು ತಿಂಗಳು ಬೇಕು. ಆದ್ದರಿಂದ ಮೊದಲ ಕಂತಿನ ತಿಂಗಳಲ್ಲಿ ಒಡೆದ ಹೊಂಬಾಳೆಯನ್ನು ಗುರುತು ಮಾಡಿದರೆ ಹನ್ನೆರಡನೆಯ ಕಂತಿನ ಹೊತ್ತಿಗೆ ಅದೇ ಗೊನೆ ಕೊಯ್ಲಿಗೆ ಬಂದಿರುತ್ತದೆ. ಸರಣಿಗೆ ಇದಕ್ಕಿಂತ ಒಳ್ಳೆಯ ಬೆನ್ನೆಲುಬು ಸಿಗುವುದು ಕಷ್ಟ. ಕೆಲಸ ಹೀಗೆ ಸಾಗಬಹುದು. ಗುಬ್ಬಿ ಕಡೆಯ ನೀರಾವರಿಯ ಒಂದು ತೋಟದಲ್ಲಿ ಹತ್ತು ಮರ, ಕುಣಿಗಲ್ ಕಡೆಯ ಮಳೆಯಾಶ್ರಿತ ತೋಟವೊಂದರಲ್ಲಿ ಹತ್ತು ಮರ ಆರಿಸಬೇಕು. ಏಣಿ ಹಾಕಿ ಗೊನೆ ಕಾಣುವಷ್ಟೇ ಎತ್ತರದ ಮರಗಳಾದರೆ ಒಳ್ಳೆಯದು, ಇಲ್ಲವಾದರೆ ಪ್ರತಿ ಎಣಿಕೆಗೂ ಮರ ಹತ್ತುವವರನ್ನು ಕಾಯಬೇಕಾಗುತ್ತದೆ. ಗೊನೆ ಗರಿಯ ಕಂಕುಳಲ್ಲಿ ಹುಟ್ಟುವುದರಿಂದ ಆ ಗರಿಯ ಬುಡಕ್ಕೆ ಬಣ್ಣದ ನೈಲಾನ್ ದಾರ ಕಟ್ಟಿದರೆ ಗುರುತು ತಪ್ಪುವುದಿಲ್ಲ. ಒಡೆದ ವಾರದಲ್ಲಿ ಹರಳುಗಳನ್ನು ಎಣಿಸಿ ಬರೆದುಕೊಳ್ಳಬೇಕು. ಆಮೇಲೆ ಪ್ರತಿ ತಿಂಗಳೂ ಅದೇ ದಿನಾಂಕದ ಆಸುಪಾಸಿನಲ್ಲಿ ಉಳಿದದ್ದನ್ನು ಎಣಿಸಬೇಕು. ತಿಂಗಳಿಗೆ ಒಂದು ದಿನ ತೋಟದಲ್ಲಿ, ಎರಡು ಸಂಜೆ ಮೇಜಿನ ಮುಂದೆ ಎಂದುಕೊಂಡರೆ ಕಸುಬು ನಡೆಸಿಕೊಂಡೇ ಇದನ್ನು ಮಾಡಬಹುದು.

ಈ ಎಣಿಕೆಯಿಂದ ಎಂಥ ಬರಹ ಹುಟ್ಟುತ್ತದೆ ಎಂಬುದನ್ನು ಒಂದು ಕಲ್ಪಿತ ಲೆಕ್ಕದಲ್ಲಿ ನೋಡೋಣ. ಫೆಬ್ರುವರಿಯಲ್ಲಿ ಎರಡೂ ತೋಟಗಳಲ್ಲಿ ಒಡೆದ ಒಂದೊಂದು ಹೊಂಬಾಳೆಯಲ್ಲಿ 24 ಹರಳುಗಳಿದ್ದವು ಎನ್ನಿ. ಏಪ್ರಿಲ್‌ನಲ್ಲಿ ಎಣಿಸಿದಾಗ ನೀರಾವರಿಯ ತೋಟದಲ್ಲಿ 10, ಮಳೆಯಾಶ್ರಿತ ತೋಟದಲ್ಲಿ 5 ಉಳಿದಿವೆ. ಬುಡದಲ್ಲಿ ಬಿದ್ದ ಹರಳುಗಳನ್ನು ಕಂಡ ಬೆಳೆಗಾರ ರೋಗ ಬಂತೆಂದು ಅಂಗಡಿಗೆ ಓಡುತ್ತಾನೆ. ಬರಹಗಾರ ಆ ತಿಂಗಳ ಕಂತಿನಲ್ಲಿ ಹೇಳಬೇಕಾದದ್ದು ಇಷ್ಟು: ಹೊಂಬಾಳೆ ಒಡೆದ ಮೊದಲ ಎರಡು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹರಳು ಉದುರುವುದು ತೆಂಗಿನ ಸಹಜ ಗುಣ, ತಾನು ಹೊರಲಾಗದಷ್ಟನ್ನು ಮರ ಹೊತ್ತುಕೊಳ್ಳುವುದಿಲ್ಲ. ಎರಡೂ ತೋಟಗಳಲ್ಲಿ ಉದುರಿದ 14 ಹರಳುಗಳಿಗೆ ಹೆದರಬೇಕಾಗಿಲ್ಲ. ಒಂದರಲ್ಲಿ ಹೆಚ್ಚಾಗಿ ಉದುರಿದ 5 ಹರಳುಗಳ ಕಾರಣವನ್ನು ಹುಡುಕಬೇಕು. ಬೇಸಿಗೆಯ ನೀರಿನ ಕೊರತೆ ಅದಕ್ಕೆ ಮೊದಲ ಅನುಮಾನ. ಇದನ್ನು ಓದಿದವನು ತನ್ನ ಮರದ ಬಳಿ ಹೋಗಿ ಎಣಿಸಬಲ್ಲ. ಎಣಿಸಿ ಬಂದು, ‘ನಮ್ಮಲ್ಲಿ 22ರಲ್ಲಿ 2 ಉಳಿದಿವೆ, ಯಾಕೆ?’ ಎಂದು ಕೇಳಿದರೆ ಸರಣಿ ಬೇರೂರುತ್ತಿದೆ ಎಂದರ್ಥ. ಲೇಖನ ಚೆನ್ನಾಗಿದೆ ಎಂಬ ನೂರು ಮೆಚ್ಚುಗೆಗಿಂತ ಎಣಿಕೆ ಹಿಡಿದು ಬಂದ ಇಂಥ ಒಂದು ಪ್ರಶ್ನೆ ದೊಡ್ಡ ಗುರುತು.

ಸರಣಿಗಳು ಕೆಡುವುದು ಹೆಚ್ಚಾಗಿ ಕಾರಣವನ್ನು ತಪ್ಪಾಗಿ ಹೇಳುವ ಜಾಗದಲ್ಲಿ. ಈ ಸೀಮೆಯ ತೋಟಗಳಿಗೆ ಇತ್ತೀಚಿನ ವರ್ಷಗಳಲ್ಲಿ ಬಂದಿರುವ ಸುರುಳಿ ಬಿಳಿನೊಣದ ಉದಾಹರಣೆ ನೋಡಿ. ಭಾರತದಲ್ಲಿ ಇದು ಮೊದಲು ಕಾಣಿಸಿಕೊಂಡದ್ದು 2016ರಲ್ಲಿ, ತಮಿಳುನಾಡಿನ ಪೊಳ್ಳಾಚಿ ಕಡೆ. ಗರಿಯ ಕೆಳಗೆ ಬಿಳಿ ಸುರುಳಿಗಳು, ಅದರ ಅಂಟು ಬಿದ್ದ ಕೆಳಗಿನ ಗರಿಗಳ ಮೇಲೆ ಕಪ್ಪು ಬೂಷ್ಟು ಕಂಡರೆ ಅದೇ ಎಂದು ತಿಳಿಯಬಹುದು. ಒಣ ತಿಂಗಳುಗಳಲ್ಲಿ ಅದು ಏರುತ್ತದೆ, ಜೋರು ಮಳೆ ಹಿಡಿದಾಗ ಇಳಿಯುತ್ತದೆ. ಮೇ ಕೊನೆಯಲ್ಲಿ ಯಾವುದೋ ಔಷಧಿ ಸಿಂಪಡಿಸಿ, ಮಳೆಯಾದ ಮೇಲೆ ನೊಣ ಕಡಿಮೆಯಾಯಿತು, ನನ್ನ ಔಷಧಿ ಕೆಲಸ ಮಾಡಿತು ಎಂದು ಬರೆದವನು ಮುಂದಿನ ಬೇಸಿಗೆಯಲ್ಲಿ ಸಿಕ್ಕಿಬೀಳುತ್ತಾನೆ. ಅದಕ್ಕಿಂತ ಕೆಟ್ಟದ್ದೆಂದರೆ, ಈ ನೊಣವನ್ನು ತಿಂದು ಬದುಕುವ ಎನ್ಕಾರ್ಸಿಯಾ ಎಂಬ ಪುಟ್ಟ ಕಣಜ ಆ ಸಿಂಪಡಣೆಯಲ್ಲಿ ಸತ್ತಿರುತ್ತದೆ. ಸಂಶೋಧನಾ ಸಂಸ್ಥೆಗಳು ಕೀಟನಾಶಕ ಬೇಡವೆನ್ನುವುದು ಅದಕ್ಕಾಗಿಯೇ. ಸಿಂಪಡಿಸದೆ ಬಿಟ್ಟ ಮರಗಳನ್ನು ಪಕ್ಕದಲ್ಲೇ ಇಟ್ಟುಕೊಂಡು ಎರಡನ್ನೂ ನೋಡಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಗೊಬ್ಬರದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಇಂದು ಒಡೆಯುವ ಹೊಂಬಾಳೆಯ ಮೊಳಕೆ ಮರದೊಳಗೆ ಸುಮಾರು 32 ತಿಂಗಳ ಹಿಂದೆಯೇ ಮೂಡಿರುತ್ತದೆ. ಅದರ ಮೇಲೆ ಕಾಯಿ ಬಲಿಯಲು ಒಂದು ವರ್ಷ. ಈ ಮುಂಗಾರಿಗೆ ಕೊಟ್ಟ ಗೊಬ್ಬರದ ಪೂರ್ತಿ ಫಲ ಕಾಣಲು ಮೂರೂವರೆ ವರ್ಷಕ್ಕೂ ಮಿಕ್ಕಿ ಬೇಕು ಎಂದಾಯಿತು. ಹರಳು ನಿಲ್ಲುವುದು, ಕಾಯಿ ತುಂಬುವುದು ಬೇಗ ಸುಧಾರಿಸಬಹುದು, ಹೊಂಬಾಳೆಯ ಲೆಕ್ಕ ಮಾತ್ರ ಹಳೆಯ ಆರೈಕೆಯದು. ಹಾಗಾಗಿ ಒಂದು ವರ್ಷದ ಸರಣಿ ಇಳುವರಿ ಹೆಚ್ಚಿಸಿ ತೋರಿಸಿದೆ ಎಂದು ಹೇಳಿಕೊಳ್ಳುವಂತಿಲ್ಲ. ಈತ ನೋಡಿದ್ದನ್ನು ಸರಿಯಾಗಿ ಹೇಳುತ್ತಾನೆ ಎಂಬ ನಂಬಿಕೆಯನ್ನು ಅದು ಗಳಿಸಬಹುದು. ಅಷ್ಟೇ ಅದರ ಎಲ್ಲೆ, ನನ್ನ ದೃಷ್ಟಿಯಲ್ಲಿ ಅದು ಸಣ್ಣ ಗಳಿಕೆಯಲ್ಲ.

ಕೆಲಸವೇ ಮಾತಾಡುವಾಗ ಬರೆಯುವ ಗೊಡವೆ ಏಕೆ ಎಂಬ ಆಕ್ಷೇಪ ಈ ಸೀಮೆಯಲ್ಲಿ ಸಾಮಾನ್ಯ. ಅದಕ್ಕೆ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲೇ ಉತ್ತರವಿದೆ. ಅಲ್ಲಿನ ಒಂದು ಹಲಸಿನ ಮರದ ತಾಮ್ರಗೆಂಪು ತೊಳೆಯ ರುಚಿ ನೆಂಟರಿಷ್ಟರಿಗೆ ಮೊದಲಿನಿಂದ ಗೊತ್ತಿತ್ತು. ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಹಿರೇಹಳ್ಳಿ ಕೇಂದ್ರದ ವಿಜ್ಞಾನಿಗಳು ಅದರ ಹಣ್ಣಿನ ತೂಕ, ಸಿಹಿ, ತೊಳೆಯ ಬಣ್ಣಕ್ಕೆ ಕಾರಣವಾದ ಲೈಕೋಪೀನ್ ಎಲ್ಲವನ್ನೂ ಅಳೆದು ಬರೆದರು. 2017ರಲ್ಲಿ ಸಸಿ ಬೆಳೆಸುವ ಒಪ್ಪಂದವಾಯಿತು. ಅದರ ಮೇಲೆಯೇ ‘ಸಿದ್ದು’ ಎಂಬ ಹೆಸರು ಜಿಲ್ಲೆಯಾಚೆಗೆ ಹೋದದ್ದು. ಮರದ ಗುಣ ಅಂದೂ ಇಂದೂ ಒಂದೇ, ನಡುವೆ ಸೇರಿದ್ದು ಅಳತೆ ಮತ್ತು ಬರವಣಿಗೆ. ಗುಟ್ಟನ್ನು ಪುಕ್ಕಟೆ ಹಂಚಿದರೆ ಸಲಹೆಗೆ ಹಣ ಕೊಡುವವರಾರು ಎಂಬುದು ಇನ್ನೊಂದು ಆಕ್ಷೇಪ. ಹರಳು ಎಣಿಸುವ ಕ್ರಮ ಗೊತ್ತಾದ ಬೆಳೆಗಾರನಿಗೆ ತನ್ನ ತೋಟದಲ್ಲಿ ಲೆಕ್ಕ ಎಲ್ಲಿ ತಪ್ಪುತ್ತಿದೆ ಎಂದು ಕಾಣುತ್ತದೆ. ಏಕೆ ತಪ್ಪುತ್ತಿದೆ ಎಂದು ಹೇಳಲು ಅನುಭವಿಯೇ ಬಂದು ಮಣ್ಣು, ನೀರು, ಬೇರು ನೋಡಬೇಕು. ಬರಹ ಆ ಕರೆಯನ್ನು ತರುತ್ತದೆ.

ತಪ್ಪು ಒಪ್ಪಿಕೊಂಡರೆ ಹೆಸರು ಕೆಡುತ್ತದೆ ಎಂಬ ಅಂಜಿಕೆಗೆ ಹೆಚ್ಚು ತೂಕವಿದೆ, ಏಕೆಂದರೆ ಸಣ್ಣ ಊರಿನಲ್ಲಿ ಸುದ್ದಿ ಬೇಗ ಹಬ್ಬುತ್ತದೆ. ಆದರೆ ಎಲ್ಲರ ತೋಟದಲ್ಲೂ ಎಲ್ಲರ ಕಣ್ಣಿಗೂ ಕಾಣುವ ಸಂಗತಿಯಲ್ಲಿ ತಪ್ಪನ್ನು ಮುಚ್ಚಿಡುವುದೇ ಸಾಧ್ಯವಿಲ್ಲ. ಹಳೆಯ ಕಂತನ್ನು ಅಳಿಸದೆ, ಅದರ ಕೆಳಗೇ ದಿನಾಂಕ ಹಾಕಿ, ಇಂಥ ಕಾರಣಕ್ಕೆ ನನ್ನ ಲೆಕ್ಕ ತಪ್ಪಿತು ಎಂದು ಬರೆಯುವುದೇ ಉಳಿಯುವ ದಾರಿ. ಅಳಿಸಿದ್ದು ಒಬ್ಬರಿಗೆ ಗೊತ್ತಾದರೂ ಉಳಿದ ಹನ್ನೊಂದು ಕಂತುಗಳ ಮೇಲೆ ಅನುಮಾನ ಬೀಳುತ್ತದೆ. ತುಮಕೂರಿನ ವಕೀಲರು, ವೈದ್ಯರು ಇದೇ ಮಾದರಿ ಹಿಡಿಯುವುದಾದರೆ ಅವರಿಗೆ ಕಾನೂನಿನ ಗೆರೆಯೂ ಇದೆ. ಭಾರತೀಯ ವಕೀಲರ ಪರಿಷತ್ತಿನ 36ನೆಯ ನಿಯಮ ವಕೀಲರು ಜಾಹೀರಾತಿನಿಂದ ಕಕ್ಷಿದಾರರನ್ನು ಸೆಳೆಯುವುದನ್ನು ತಡೆಯುತ್ತದೆ. ವೈದ್ಯರಿಗೆ 2002ರ ವೃತ್ತಿ ನಡವಳಿಕೆ ನಿಯಮಾವಳಿ ಅಂಥದೇ ನಿರ್ಬಂಧ ಹಾಕಿದೆ. ಕಾನೂನನ್ನು ಅಥವಾ ಕಾಯಿಲೆಯನ್ನು ವಿವರಿಸುವುದಕ್ಕೂ ನನ್ನ ಬಳಿ ಬನ್ನಿ ಎನ್ನುವುದಕ್ಕೂ ನಡುವೆ ಅಂತರ ಕಾಯ್ದುಕೊಳ್ಳಬೇಕು. ಕಕ್ಷಿದಾರನ, ರೋಗಿಯ ಗುರುತು ಎಲ್ಲಿಯೂ ಹೊರಬೀಳಕೂಡದು. ತೆಂಗಿನ ಸಲಹೆಗಾರನಿಗೆ ಇಂಥ ಕಟ್ಟಳೆ ಇಲ್ಲವಾದರೂ ಎಣಿಕೆಗೆ ಮರ ಬಿಟ್ಟುಕೊಟ್ಟ ಬೆಳೆಗಾರನ ಒಪ್ಪಿಗೆ ಕೇಳುವುದು ಸೌಜನ್ಯ.

ಬಹಳ ಸರಣಿಗಳು ನಿಲ್ಲುವುದು ನಾಲ್ಕನೆಯ, ಐದನೆಯ ಕಂತಿನ ಆಸುಪಾಸಿನಲ್ಲಿ, ಹೊಸದೇನೂ ಇಲ್ಲವೆಂದು ಬರಹಗಾರನಿಗೆ ಅನ್ನಿಸಿದಾಗ. ಗೊನೆಯಲ್ಲೂ ಆ ತಿಂಗಳುಗಳು ಹಾಗೆಯೇ. ಹರಳು ಉದುರುವುದು ನಿಂತಿರುತ್ತದೆ, ಎಣಿಕೆ ಬದಲಾಗುವುದಿಲ್ಲ. 10 ಇದ್ದದ್ದು 10 ಇದೆ ಎಂದೇ ಆ ಕಂತಿನಲ್ಲಿ ಬರೆಯಬೇಕು, ಏಕೆ ಬದಲಾಗಲಿಲ್ಲವೆಂದು ಎರಡು ಪುಟದಲ್ಲಿ ವಿವರಿಸಬೇಕು. ಆ ಜಾಗವನ್ನು ಎಲ್ಲಿಗೂ ಹೊಂದುವ ಸಾಮಾನ್ಯ ಸಲಹೆಗಳಿಂದ ತುಂಬಿದರೆ ಎಣಿಕೆಗೆಂದು ಬರುತ್ತಿದ್ದ ಓದುಗ ದೂರವಾಗುತ್ತಾನೆ. ಫೆಬ್ರುವರಿಯಲ್ಲಿ ಶುರು ಮಾಡಿದವರ ಆರನೆಯ ಎಣಿಕೆ ಜುಲೈನಲ್ಲಿ ಬರುತ್ತದೆ. ದಾರ ಕಟ್ಟಿದ ಗೊನೆ ಆಗ ಎಳನೀರಿನ ಹದದ ಹತ್ತಿರ ಬಂದಿರುತ್ತದೆ. ಅದನ್ನು ಕೊಯ್ಯದಂತೆ ತೋಟದವರಿಗೆ ಮೊದಲೇ ಹೇಳಿಡಬೇಕು.